ಅಳಿಸಿದ ಗೆರೆ, ಉಳಿದ ಲೆಕ್ಕ

ಪಾಠ ಮುಗಿದು ಮೇಷ್ಟ್ರು ಡಸ್ಟರ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಮೊಬೈಲ್ ಎತ್ತಿ ಹಲಗೆಯ ಚಿತ್ರ ಹಿಡಿಯುತ್ತಾರೆ. ಸಂಜೆಯೊಳಗೆ ಅದು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಒಂದು ಮೂಲೆಯಲ್ಲಿ ಕಿಟಕಿಯ ಬೆಳಕು ಹೊಳೆಯುತ್ತಿರುತ್ತದೆ, ನಡುವೆ ಅಂಗೈ ಒರೆಸಿದ ಬಿಳಿ ಮಸುಕು, ಕೆಳಗೆ ಅರ್ಧ ಅಳಿದ ಸಮೀಕರಣ, ಎಲ್ಲದರ ಅಡಿಯಲ್ಲಿ ಹಿಂದಿನ ಪೀರಿಯಡ್‌ನ ರಸಾಯನಶಾಸ್ತ್ರದ ನೆರಳು. ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಇಳಿಸಬೇಕು.

ಇದನ್ನು ನಕಲು ಮಾಡುವ ಕೆಲಸ ಎಂದು ಭಾವಿಸುತ್ತೇವೆ. ಆದರೆ ಕಣ್ಣಿಗೆ ಕಂಡಷ್ಟನ್ನೇ ಬರೆದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಕಾಣದ್ದನ್ನು ಊಹಿಸಿ ಬರೆದರೆ ಊಹೆಯೂ ಪಾಠದ ಭಾಗವಾಗಿಬಿಡುತ್ತದೆ, ಮುಂದೆ ಓದುವವರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಹಲಗೆಯ ಮೇಲೆ ಉಳಿದ ಧೂಳಿನಿಂದ ಏನನ್ನು ಖಚಿತವಾಗಿ ಹೇಳಬಹುದು, ಲೆಕ್ಕದ ಬಲದಿಂದ ಏನನ್ನು ಮರಳಿ ಪಡೆಯಬಹುದು, ಎಲ್ಲಿ ಕೈ ಬಿಡಬೇಕು ಎಂಬುದಕ್ಕೆ ಒಂದು ಕ್ರಮವಿದೆ.

ಅಳಿಸಿದರೂ ಉಳಿಯುವುದೇಕೆ?

ಕಪ್ಪುಹಲಗೆಯ ಮೈ ನುಣುಪಾಗಿ ಕಂಡರೂ ಹತ್ತಿರದಿಂದ ನೋಡಿದರೆ ಉಬ್ಬುತಗ್ಗುಗಳಿಂದ ತುಂಬಿರುತ್ತದೆ. ಉಜ್ಜಿದಾಗ ಸೀಮೆಸುಣ್ಣ ಸವೆಯುವುದು ಆ ಉಬ್ಬುಗಳಿಂದಲೇ. ಸವೆದ ಪುಡಿಯಲ್ಲಿ ಒಂದಿಷ್ಟು ಉಬ್ಬುಗಳ ಮೇಲೆ ಅಂಟಿಕೊಳ್ಳುತ್ತದೆ, ಒಂದಿಷ್ಟು ತಗ್ಗುಗಳಲ್ಲಿ ಕೂರುತ್ತದೆ. ಡಸ್ಟರ್ ಮೇಲಿನದನ್ನು ಒಯ್ಯುತ್ತದೆ, ತಗ್ಗಿನಲ್ಲಿರುವುದು ಉಳಿಯುತ್ತದೆ. ಒತ್ತಿ ಬರೆದ ಗೆರೆಯ ಪುಡಿ ಹೆಚ್ಚು ಆಳಕ್ಕೆ ಇಳಿದಿರುವುದರಿಂದ ಅದರ ನೆರಳೂ ಹೆಚ್ಚು ಕಾಲ ಕಾಣುತ್ತದೆ. ಹೀಗಾಗಿ ಹಲಗೆಯ ಮೇಲೆ ಒಂದೇ ಹೊತ್ತಿನಲ್ಲಿ ಮೂರು ಬಗೆಯ ಬಿಳುಪು ಇರುತ್ತದೆ: ಈಗ ಬರೆದ ದಟ್ಟ ಗೆರೆ, ಒರೆಸಿ ಹರಡಿದ ಮಸುಕು, ಹಳೆಯ ಬರಹದ ತೆಳು ನೆರಳು.

ದಟ್ಟ ಗೆರೆಯಲ್ಲೂ ಏರಿಳಿತವಿದೆ. ಸೀಮೆಸುಣ್ಣ ಹಲಗೆಗೆ ತಾಗಿದ ಜಾಗದಲ್ಲಿ ಪುಡಿ ಹೆಚ್ಚು ಬೀಳುತ್ತದೆ, ಕೈ ಎತ್ತುವ ಕಡೆ ಗೆರೆ ತೆಳುವಾಗಿ ಹರಿಯುತ್ತದೆ, ಕೈ ವೇಗವಾಗಿ ಓಡಿದಲ್ಲಿ ನಡುನಡುವೆ ಬಿಟ್ಟು ಹೋಗುತ್ತದೆ. ಈ ಏರುಪೇರು ತೊಂದರೆ ಎನಿಸಿದರೂ ಓದುವವನಿಗೆ ಅದೇ ಸುಳಿವು. ಬೇಕೆಂದು ಕುಟ್ಟಿ ಇಟ್ಟ ದಶಮಾಂಶ ಬಿಂದು ದಟ್ಟವಾಗಿ, ಅಂಚು ತೀಕ್ಷ್ಣವಾಗಿ ಇರುತ್ತದೆ. ಎಲ್ಲಿಂದಲೋ ಉದುರಿ ಕೂತ ಪುಡಿಯ ಚುಕ್ಕೆಗೆ ಅಂಚೇ ಇರುವುದಿಲ್ಲ.

ಡಸ್ಟರ್ ಹೋದ ದಿಕ್ಕೂ ಮುಖ್ಯ. ಹೆಚ್ಚಿನವರು ಒರೆಸುವುದು ಅಡ್ಡಡ್ಡ. ಅಡ್ಡ ಗೆರೆಯೊಂದನ್ನು ಅಡ್ಡಡ್ಡವಾಗಿ ಎಳೆದರೆ ಅದರ ಪುಡಿ ಅದೇ ಗೆರೆಯ ಉದ್ದಕ್ಕೂ ಸರಿಯುತ್ತದೆ, ಗೆರೆ ತೆಳುವಾದರೂ ಗೆರೆಯಾಗಿಯೇ ಉಳಿಯುತ್ತದೆ. ನಿಂತ ಗೆರೆಯ ಪುಡಿ ಪಕ್ಕಕ್ಕೆ ಹರಡಿ ಮಂಜಾಗಿಬಿಡುತ್ತದೆ. ಇದರ ಪರಿಣಾಮ ಗಣಿತದಲ್ಲಿ ಅಪಾಯಕಾರಿ: ಅರ್ಧ ಅಳಿದ ಕೂಡು ಚಿಹ್ನೆ ತನ್ನ ನಿಂತ ಕಡ್ಡಿಯನ್ನು ಕಳೆದುಕೊಂಡು ಕಳೆ ಚಿಹ್ನೆಯಂತೆ ಕಾಣುತ್ತದೆ. ಮಸುಕಿನ ಜಾಗದಲ್ಲಿ ಕಳೆ ಚಿಹ್ನೆ ಕಂಡರೆ ಅದನ್ನು ಹಾಗೆಯೇ ನಂಬಬಾರದು.

ಚಿತ್ರದಿಂದ ಎಷ್ಟು ಹೊರತೆಗೆಯಬಹುದು

ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಹೊಂದಿಸಿಕೊಳ್ಳುವಾಗ ಎದುರಿನ ದೃಶ್ಯ ಒಟ್ಟಾರೆ ನಡುಮಟ್ಟದ ಬೂದುಬಣ್ಣದ್ದು ಎಂದುಕೊಳ್ಳುತ್ತದೆ. ಕಪ್ಪು ಹಲಗೆ ಕಂಡಾಗ ಬೆಳಕು ಸಾಲದು ಎಂದು ಬಗೆದು ಎಲ್ಲವನ್ನೂ ಬೆಳಗಿಸುತ್ತದೆ. ಹಲಗೆ ಬೂದುಬಣ್ಣಕ್ಕೆ ತಿರುಗುತ್ತದೆ, ಸೀಮೆಸುಣ್ಣದ ಗೆರೆಗಳೆಲ್ಲ ಒಂದೇ ಸಮನೆ ಬೆಳ್ಳಗಾಗುತ್ತವೆ. ಗೆರೆಯ ಒಳಗಿನ ದಟ್ಟ, ತೆಳುವಿನ ಭೇದ ಅಲ್ಲಿಗೆ ಹೋಯಿತು. ಹೊಸ ಗೆರೆ ಯಾವುದು, ಹಳೆಯದು ಯಾವುದು ಎಂದು ಹೇಳಲು ಬೇಕಾಗಿದ್ದುದು ಅದೇ. ಪರದೆಯ ಮೇಲೆ ಬರಹವಿರುವ ಕಡೆ ಬೆರಳಿಟ್ಟು, ಬೆಳಕಿನ ಪಟ್ಟಿಯನ್ನು ತುಸು ಕೆಳಗೆ ಎಳೆದು ಚಿತ್ರ ತೆಗೆದರೆ ನೋಡಲು ಕತ್ತಲೆ ಎನಿಸಿದರೂ ಮಾಹಿತಿ ಹೆಚ್ಚು ಉಳಿಯುತ್ತದೆ.

ಕಿಟಕಿಯ ಹೊಳಪಿಗೆ ಬೇರೆ ಉಪಾಯ. ಹೊಳಪು ಎಲ್ಲಿ ಕಾಣುತ್ತದೆ ಎಂಬುದು ನಾವು ನಿಂತ ಜಾಗವನ್ನು ಅವಲಂಬಿಸಿದೆ. ಸೀಮೆಸುಣ್ಣದ ಪುಡಿ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬರಹ ಎಲ್ಲಿ ನಿಂತರೂ ಕಾಣುತ್ತದೆ. ಎರಡು ಜಾಗಗಳಿಂದ ಎರಡು ಚಿತ್ರ ತೆಗೆದರೆ ಮೊದಲನೆಯದರಲ್ಲಿ ಮುಚ್ಚಿಹೋದದ್ದು ಎರಡನೆಯದರಲ್ಲಿ ಸಿಗುತ್ತದೆ. ಓರೆಯಾಗಿ ತೆಗೆದದ್ದನ್ನು ಹಲಗೆಯ ನಾಲ್ಕು ಮೂಲೆ ಗುರುತಿಸಿ ನೇರ ಮಾಡುವ ಸೌಲಭ್ಯ ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳಲ್ಲಿ ಇದ್ದೇ ಇದೆ. ಆದ್ದರಿಂದ ನಾಲ್ಕು ಮೂಲೆಗಳೂ ಚೌಕಟ್ಟಿನೊಳಗೆ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ, ಕುಗ್ಗಿಸುವಾಗ ಮೊದಲು ಬಲಿಯಾಗುವುದು ತೆಳುವಾದ ಸಣ್ಣ ಗೆರೆಗಳೇ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಹಾಗೆಯೇ ತಲುಪುತ್ತದೆ.

ಇನ್ನು ಚಿತ್ರವನ್ನು ಕಪ್ಪು-ಬಿಳುಪು ಮಾಡುವ ಹಂತ. ಇಲ್ಲಿಯೇ ಹೆಚ್ಚಿನವರ ನೋಟ್ಸ್ ಕೆಡುವುದು. ಡಿಜಿಟಲ್ ಚಿತ್ರದಲ್ಲಿ ಕಪ್ಪಿಗೆ 0, ಅಚ್ಚ ಬಿಳಿಗೆ 255. ಹಲಗೆಯ ಎಡಭಾಗ ನೆರಳಿನಲ್ಲಿದ್ದು ಅಲ್ಲಿ ಹಲಗೆಯ ಬೆಳಕು 40, ಬರಹದ್ದು 90 ಎಂದಿಟ್ಟುಕೊಳ್ಳಿ. ಕಿಟಕಿಯ ಬದಿಯಲ್ಲಿ ಹಲಗೆಯೇ 110, ಬರಹ 170. ಈಗ 100ಕ್ಕಿಂತ ಮೇಲಿನದೆಲ್ಲ ಬರಹ ಎಂದು ಒಂದೇ ಗಡಿ ಹಾಕಿದರೆ ಎಡಗಡೆಯ ಬರಹ ಪೂರ್ತಿ ಮಾಯ, ಬಲಗಡೆ ಹಲಗೆಯೇ ಬರಹ. ಯಾವ ಗಡಿ ಹಾಕಿದರೂ ಎರಡೂ ಕಡೆ ಸರಿಹೋಗುವುದಿಲ್ಲ. ಅದಕ್ಕೇ ಪ್ರತಿ ಚುಕ್ಕೆಯನ್ನೂ ಅದರ ಸುತ್ತಲಿನ ಹಲಗೆಯ ಬೆಳಕಿನೊಂದಿಗೆ ಮಾತ್ರ ಹೋಲಿಸಬೇಕು. ಸುತ್ತಲಿನ ಬೆಳಕನ್ನು ಕಳೆದರೆ ಎಡಗಡೆ ಬರಹ 50, ಬಲಗಡೆ 60 ಆಗುತ್ತದೆ. ಅಳಿಸಿದ ನೆರಳು ಹಲಗೆಗಿಂತ ಹತ್ತು ಹನ್ನೆರಡು ಅಂಕ ಮಾತ್ರ ಮೇಲಿದ್ದರೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ.

ಆದರೆ ಈ ಹಂತದಲ್ಲಿ ನೆರಳನ್ನು ಅಳಿಸಿಬಿಡುವ ಆತುರ ಬೇಡ. ಆ್ಯಪ್‌ಗಳ 'ಸ್ವಚ್ಛಗೊಳಿಸು' ಗುಂಡಿ ಒಂದು ಗಡಿ ಹಾಕಿ ಅದಕ್ಕಿಂತ ಕೆಳಗಿನದನ್ನೆಲ್ಲ ಬಿಸಾಡುತ್ತದೆ. ಚಿತ್ರ ಅಂದವಾಗುತ್ತದೆ, ಆದರೆ ಅರ್ಧ ಅಳಿದ ಕೂಡು ಚಿಹ್ನೆಯ ನಿಂತ ಕಡ್ಡಿ ಅದರ ಜೊತೆ ಹೋಗಿರುತ್ತದೆ. ಬೂದುಬಣ್ಣದ ಚಿತ್ರವೊಂದು, ಗಡಿ ಹಾಕಿದ ಚಿತ್ರವೊಂದು, ಎರಡನ್ನೂ ಎದುರಿಗಿಟ್ಟುಕೊಂಡು ಓದಬೇಕು.

ಒಂದು ಹಲಗೆಯನ್ನು ಓದೋಣ

ಭೌತಶಾಸ್ತ್ರದ ತರಗತಿಗಳಲ್ಲಿ ಪ್ರತಿ ವರ್ಷ ಬರುವ ಒಂದು ಪಾಠ ತೆಗೆದುಕೊಳ್ಳೋಣ: ಡೈಪೋಲ್‌ನ ಅಕ್ಷದ ಮೇಲೆ ವಿದ್ಯುತ್ ಕ್ಷೇತ್ರ. ಸಮಪ್ರಮಾಣದ ಧನಾವೇಶ, ಋಣಾವೇಶಗಳು 2a ದೂರದಲ್ಲಿವೆ. ನಡುಬಿಂದುವಿನಿಂದ r ದೂರದಲ್ಲಿ, ಅದೇ ಅಕ್ಷದ ಮೇಲೆ ಕ್ಷೇತ್ರ ಎಷ್ಟು? ಚಿತ್ರದಲ್ಲಿ ಕಾಣುವುದು ಇಷ್ಟು. ಓದಲಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ.

```
E = (q/4πε₀) [ 1/(r−a)²  ?  1/(r+a)² ]
E = (q/4πε₀) · 4?a / (r²−a²)^?
p = q·2a
E = (1/4πε₀) · 2p? / (r²−a²)^?
r ≫ a :   E = (1/4πε₀) · 2p / r^?
```

ಮೊದಲ ಸಾಲಿನ ಚಿಹ್ನೆ ಅಡ್ಡಗೆರೆಯಂತೆ ಕಾಣುತ್ತದೆ, ಆದರೆ ಅದರ ಮೇಲೆ ಅಂಗೈ ಹೋಗಿದೆ. ಅದು ಕಳೆಯೇ ಅಥವಾ ಕಡ್ಡಿ ಕಳೆದುಕೊಂಡ ಕೂಡೇ? ಭೌತಶಾಸ್ತ್ರ ಹೇಳುವುದು: ಆ ಬಿಂದುವಿನಲ್ಲಿ ಧನಾವೇಶದ ಕ್ಷೇತ್ರ ಹೊರಕ್ಕೆ, ಋಣಾವೇಶದ್ದು ಒಳಕ್ಕೆ, ಎರಡೂ ಎದುರುಬದುರು, ಹಾಗಾಗಿ ಕಳೆಯಬೇಕು. ಇದು ಒಂದು ಸಾಕ್ಷಿ. ಇನ್ನೊಂದು ಎರಡನೆಯ ಸಾಲಿನಲ್ಲಿದೆ. ಎರಡು ಭಿನ್ನರಾಶಿಗಳನ್ನು ಕೂಡಿದರೆ ಮೇಲಿನ ಅಂಶ (r+a)² + (r−a)², ಅಂದರೆ 2r² + 2a² ಆಗುತ್ತದೆ. ಕಳೆದರೆ r², a² ಎರಡೂ ಹೊಡೆದುಹೋಗಿ 4ra ಉಳಿಯುತ್ತದೆ. ಚಿತ್ರದಲ್ಲಿ 4 ಇದೆ, a ಇದೆ, ನಡುವೆ ಒಂದೇ ಅಕ್ಷರದಷ್ಟು ಜಾಗವಿದೆ. 2r² + 2a² ಅಲ್ಲಿ ಹಿಡಿಸುವುದೇ ಇಲ್ಲ. ಹೀಗೆ ಮೊದಲ ಸಾಲಿನ ಚಿಹ್ನೆಯೂ ಎರಡನೆಯ ಸಾಲಿನ ಕಳೆದುಹೋದ ಅಕ್ಷರವೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಎರಡನೆಯ ಸಾಲಿನ ಘಾತಾಂಕ ಬಿಳಿ ಮಸುಕಿನ ಕೆಳಗಿದೆ. ಇಲ್ಲಿ ಬೀಜಗಣಿತ ಬಿಡಿಸದೆಯೂ ಪರೀಕ್ಷಿಸಬಹುದು. r = 3, a = 1 ಎಂದಿಡಿ. ಮೊದಲ ಸಾಲಿನ ಆವರಣದೊಳಗೆ 1/4 − 1/16, ಅಂದರೆ 3/16. ಎರಡನೆಯ ಸಾಲಿನಲ್ಲಿ ಮೇಲೆ 4 × 3 × 1 = 12, ಕೆಳಗೆ r²−a² = 8. ಘಾತಾಂಕ 1 ಆದರೆ 12/8, ಅದು 3/2, ಹೊಂದುವುದಿಲ್ಲ. ಘಾತಾಂಕ 2 ಆದರೆ 12/64, ಅದು 3/16, ಹೊಂದುತ್ತದೆ. ಪೆನ್ಸಿಲ್ಲಿನಿಂದ ಅರ್ಧ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಎಷ್ಟೋ ಹೊತ್ತು ಚಿತ್ರವನ್ನು ಹಿಗ್ಗಿಸಿ ನೋಡುವುದಕ್ಕಿಂತ ಮೇಲು. ಒಂದು ಎಚ್ಚರ: ಪರೀಕ್ಷೆಗೆ 0, 1, 2ರಂಥ ಸಂಖ್ಯೆಗಳನ್ನೇ ಎಲ್ಲ ಕಡೆ ಹಾಕಬಾರದು. 1ರ ವರ್ಗವೂ 1, ಘನವೂ 1. 2 ಮತ್ತು 2ನ್ನು ಕೂಡಿದರೂ ಗುಣಿಸಿದರೂ 4. ತಪ್ಪು ಓದುವಿಕೆಯೂ ಸರಿ ಎನಿಸಿಬಿಡುತ್ತದೆ.

ಕೊನೆಯ ಸಾಲಿನ ಘಾತಾಂಕಕ್ಕೆ ಆಯಾಮದ ಪರೀಕ್ಷೆ ಸಾಕು. ಬಿಂದು ಆವೇಶದ ಕ್ಷೇತ್ರದಲ್ಲಿ q ಇದ್ದು ಕೆಳಗೆ r² ಇರುತ್ತದೆ. ಇಲ್ಲಿ q ಬದಲು p ಇದೆ. p ಎಂದರೆ ಆವೇಶ ಗುಣಿಸು ದೂರ. ಮೇಲೆ ಒಂದು ದೂರ ಹೆಚ್ಚಾಗಿದ್ದರೆ ಕೆಳಗೂ ಒಂದು ದೂರ ಹೆಚ್ಚಾಗಲೇಬೇಕು, ಆದ್ದರಿಂದ r³. ಅದಕ್ಕೆ ಹಿಂದಿನ ಸಾಲಿಗೂ ಇದೇ ಮಾತು: ಕೆಳಗೆ (r²−a²)² ಎಂದರೆ ದೂರದ ನಾಲ್ಕನೇ ಘಾತ, ಮೇಲೆ 2p ಮಾತ್ರ ಇದ್ದರೆ ಒಂದು ದೂರ ಕಡಿಮೆ ಬೀಳುತ್ತದೆ. ಅಳಿದಿರುವುದು r ಎಂಬುದು ಖಚಿತ. a ದೂರವಾದರೂ ಅದಲ್ಲ ಎಂದು ಹೇಗೆ ಗೊತ್ತು? 4ra ಅನ್ನು q ಜೊತೆ ಗುಣಿಸಿ ಅದರಿಂದ 2aq ತೆಗೆದು p ಎಂದು ಬರೆದರೆ ಉಳಿಯುವುದು 2r ಮಾತ್ರ.

ಆದರೆ ಈ ಪರೀಕ್ಷೆಗಳಿಗೆ ಮಿತಿಯಿದೆ. ಸ್ಥಿರಾಂಕದಲ್ಲಿ 2 ಇದೆಯೋ 4 ಇದೆಯೋ ಎಂಬುದನ್ನು ಆಯಾಮ ಹೇಳಲಾರದು, ಅದಕ್ಕೆ ಸಂಖ್ಯೆ ಹಾಕಿಯೇ ನೋಡಬೇಕು. ಮೇಷ್ಟ್ರು ಯಾವ ಅಕ್ಷರ ಬಳಸಿದರು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಒಂದು ಪುಸ್ತಕದಲ್ಲಿ ಆವೇಶಗಳ ನಡುವಿನ ದೂರ 2a, ಇನ್ನೊಂದರಲ್ಲಿ 2l, ಮತ್ತೊಂದರಲ್ಲಿ d. ಹಲಗೆಯಲ್ಲಿ ಅಕ್ಷರ ಅಳಿದಿದ್ದರೆ ಅದೇ ಹಲಗೆಯ ಬೇರೆ ಸಾಲಿನಲ್ಲಿ, ಅಥವಾ ಪಕ್ಕದ ಚಿತ್ರದಲ್ಲಿ ಹುಡುಕಬೇಕು. ಬರೆದವರ ಕೈಯನ್ನು ಗುರುತು ಹಚ್ಚುವ ಕೆಲಸ ಇಲ್ಲಿ ಬರುತ್ತದೆ. ಅವರ r ಮತ್ತು v, q ಮತ್ತು 9, a ಮತ್ತು α, p ಮತ್ತು ρ ಹೇಗಿರುತ್ತವೆ ಎಂಬುದಕ್ಕೆ ಅನುಮಾನವಿಲ್ಲದ ಸಾಲಿನಿಂದ ಒಂದೊಂದು ಮಾದರಿ ಕತ್ತರಿಸಿ ಪಕ್ಕಕ್ಕಿಟ್ಟುಕೊಂಡರೆ ಅನುಮಾನದ ಸಾಲು ಓದಲು ಸಲೀಸು.

ಕನ್ನಡ ಬರಹಕ್ಕೆ ಇದೇ ಮಾತು ಇನ್ನಷ್ಟು ಸಲ್ಲುತ್ತದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ಭೇದವೆಲ್ಲ ಕೆಳಗಿನ ಸಣ್ಣ ಸೀಳಿನಲ್ಲಿದೆ. ಸೀಮೆಸುಣ್ಣದ ದಪ್ಪ ಗೆರೆಯಲ್ಲಿ ಅದು ಮೊದಲು ಮುಚ್ಚಿಹೋಗುತ್ತದೆ, ಧನಾವೇಶ ದನಾವೇಶವಾಗುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗುತ್ತವೆ. ಅನುಸ್ವಾರದ ಸೊನ್ನೆ ಸಂಖ್ಯೆಯ ಪಕ್ಕದಲ್ಲಿ ಬಿದ್ದರೆ ಪೂಜ್ಯವಾಗಿ ಬಿಡಬಹುದು. ಪದಗಳಲ್ಲಿ ಭಾಷೆಯ ಅರಿವು ಇವನ್ನು ತಿದ್ದಿಕೊಡುತ್ತದೆ. ಸಂಖ್ಯೆಗಳಿಗೆ ಅಂಥ ಕಾವಲು ಇಲ್ಲ. ಒಂದು ಅಂಕಿಯ ಬದಲು ಇನ್ನೊಂದು ಅಂಕಿ ಬಂದರೆ ವಾಕ್ಯ ಎಂದಿನಂತೆಯೇ ಓದಿಸಿಕೊಂಡು ಹೋಗುತ್ತದೆ.

ಹಲಗೆಯೇ ತಪ್ಪಿದ್ದರೆ?

ಇಲ್ಲಿಯವರೆಗೆ ಬರೆದವರು ಸರಿಯಾಗಿಯೇ ಬರೆದಿದ್ದರು ಎಂದು ನಂಬಿ ಅಳಿದದ್ದನ್ನು ತುಂಬಿದೆವು. ಆ ನಂಬಿಕೆಯನ್ನು ಅಲುಗಾಡಿಸುವ ಹಲಗೆಯೊಂದು ಆಕ್ಸ್‌ಫರ್ಡ್‌ನ ವಿಜ್ಞಾನ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. 1931ರ ಮೇ 16ರಂದು ಆಲ್ಬರ್ಟ್ ಐನ್‌ಸ್ಟೈನ್ ಆಕ್ಸ್‌ಫರ್ಡ್‌ನಲ್ಲಿ ವಿಶ್ವದ ಹಿಗ್ಗುವಿಕೆಯ ಬಗ್ಗೆ ಜರ್ಮನ್ ಭಾಷೆಯಲ್ಲಿ ಉಪನ್ಯಾಸ ಕೊಟ್ಟರು. ಉಪನ್ಯಾಸ ಮುಗಿದ ಮೇಲೆ ಅಲ್ಲಿನ ಅಧ್ಯಾಪಕರು ಹಲಗೆಗಳನ್ನು ಒರೆಸಲು ಬಿಡದೆ ತೆಗೆದಿರಿಸಿದರು. ಹಾಗೆ ಉಳಿಸಿದ ಇನ್ನೊಂದು ಹಲಗೆ ಮುಂದೆ ಆಕಸ್ಮಿಕವಾಗಿ ಒರೆಸಿಹೋಯಿತು. ಒಂದು ಮಾತ್ರ ಈಗಲೂ ಸೀಮೆಸುಣ್ಣದ ಬರಹದೊಂದಿಗೆ ಗೋಡೆಯ ಮೇಲಿದೆ, ಅದರ ಚಿತ್ರಗಳು ಸುಲಭವಾಗಿ ಸಿಗುತ್ತವೆ. ಅದರ ಕೊನೆಯ ನಾಲ್ಕು ಸಾಲುಗಳು ಹೀಗಿವೆ.

```
D² ~ 10⁻⁵³
ρ  ~ 10⁻²⁶
P  ~ 10⁸ L.J.
t  ~ 10¹⁰ (10¹¹) J.
```

ನೋಟ್ಸ್ ಮಾಡಲು ಕೂತ ವಿದ್ಯಾರ್ಥಿಗೆ ಮೊದಲ ಬಲೆ J. ಭೌತಶಾಸ್ತ್ರ ಓದಿದವರ ಕೈ ತಾನಾಗಿ 'ಜೂಲ್' ಎಂದು ಬರೆದುಬಿಡುತ್ತದೆ. ಆದರೆ t ಎಂದರೆ ಕಾಲ, ಕಾಲವನ್ನು ಶಕ್ತಿಯ ಏಕಮಾನದಲ್ಲಿ ಅಳೆಯುವುದಿಲ್ಲ. ಉಪನ್ಯಾಸ ಜರ್ಮನ್‌ನಲ್ಲಿ ನಡೆಯಿತು ಎಂಬುದು ನೆನಪಾದರೆ J. ಅಂದರೆ ವರ್ಷ, L.J. ಅಂದರೆ ಜ್ಯೋತಿರ್ವರ್ಷ ಎಂಬುದು ಹೊಳೆಯುತ್ತದೆ. P ವಿಶ್ವದ ತ್ರಿಜ್ಯ, ρ ಅದರ ದ್ರವ್ಯ ಸಾಂದ್ರತೆ. D ಎಂದರೆ ವಿಶ್ವ ಹಿಗ್ಗುವ ದರವನ್ನು ಬೆಳಕಿನ ವೇಗದಿಂದ ಭಾಗಿಸಿದ್ದು.

ಮುಂದಿನ ಬಲೆ ಆ 53. ಹಿಗ್ಗುವಿಕೆಯ ದರವಾಗಿ ಆ ಕಾಲದಲ್ಲಿ ಬಳಕೆಯಲ್ಲಿದ್ದುದು ಹಬಲ್ ಅವರ ಅಳತೆ, ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಲೆಕ್ಕ ಹಾಕಿ ನೋಡೋಣ. 500 ಕಿ.ಮೀ. ಎಂದರೆ 5 × 10⁷ ಸೆಂ.ಮೀ. ಒಂದು ಮೆಗಾಪಾರ್ಸೆಕ್ 3.1 × 10²⁴ ಸೆಂ.ಮೀ. ಭಾಗಿಸಿದರೆ ಸೆಕೆಂಡಿಗೆ 1.6 × 10⁻¹⁷. ಇದನ್ನು ಬೆಳಕಿನ ವೇಗ ಸೆಕೆಂಡಿಗೆ 3 × 10¹⁰ ಸೆಂ.ಮೀ.ಯಿಂದ ಭಾಗಿಸಿದರೆ D ಸುಮಾರು 5.4 × 10⁻²⁸. ವರ್ಗ ಮಾಡಿದರೆ 2.9 × 10⁻⁵⁵. ಹಲಗೆಯಲ್ಲಿ ಇರಬೇಕಾದದ್ದು 55, ಕಾಣುವುದು 53. ಸೀಮೆಸುಣ್ಣದ ಬರಹದಲ್ಲಿ 3 ಮತ್ತು 5 ಬೆರೆತುಹೋಗುವುದು ಸಾಮಾನ್ಯ. ಹಾಗಾದರೆ ನಾವು ತಪ್ಪು ಓದಿದೆವೇ?

ಪಕ್ಕದ ಸಾಲುಗಳನ್ನು ಕೇಳಬೇಕು. ಅದೇ ಹಲಗೆಯ ಮೇಲ್ಭಾಗದ ಸಮೀಕರಣದ ಪ್ರಕಾರ D² ಹೆಚ್ಚೂಕಡಿಮೆ κρ/3. ಇಲ್ಲಿ κ ಐನ್‌ಸ್ಟೈನ್‌ರ ಸ್ಥಿರಾಂಕ, ಬೆಲೆ ಸುಮಾರು 1.9 × 10⁻²⁷. 53 ಎಂದಿಟ್ಟರೆ ρ = 3 × 10⁻⁵³ / 1.9 × 10⁻²⁷, ಅಂದರೆ 1.6 × 10⁻²⁶. ಹಲಗೆಯ ಎರಡನೆಯ ಸಾಲಿನಲ್ಲಿರುವುದು ಇದೇ 26. ಅದು 55 ಆಗಿದ್ದರೆ ಸಾಂದ್ರತೆ 10⁻²⁸ರ ಸುತ್ತ ಬರುತ್ತಿತ್ತು. ಇನ್ನೊಂದು ಸಮೀಕರಣದ ಪ್ರಕಾರ D² ಹೆಚ್ಚೂಕಡಿಮೆ 1/P². 53ರಿಂದ P ಸುಮಾರು 3 × 10²⁶ ಸೆಂ.ಮೀ., ಅಂದರೆ 3 × 10⁸ ಜ್ಯೋತಿರ್ವರ್ಷ. ಹಲಗೆಯ ಮೂರನೆಯ ಸಾಲಿನ 10⁸ಕ್ಕೆ ಸರಿಯಾಗಿ ಕೂರುತ್ತದೆ. 55 ಆಗಿದ್ದರೆ 10⁹ ದಾಟುತ್ತಿತ್ತು.

ಅಂದರೆ ಮೂರು ಸಾಲುಗಳೂ ಒಂದೇ ಸಾಕ್ಷಿ ಹೇಳುತ್ತವೆ: ಅಲ್ಲಿ ಬರೆದಿರುವುದು 53, ನಮ್ಮ ಓದು ಸರಿ. ತಪ್ಪಿರುವುದು ಬರೆದವರ ಲೆಕ್ಕ. ಐರ್ಲೆಂಡ್‌ನ ಭೌತಶಾಸ್ತ್ರಜ್ಞ ಕಾರ್ಮ್ಯಾಕ್ ಓರಾಫರ್ಟಿ ಮತ್ತು ಅವರ ಸಹೋದ್ಯೋಗಿ ಇಬ್ಬರೂ ಸೇರಿ ಐನ್‌ಸ್ಟೈನ್‌ರ 1931ರ ಪ್ರಬಂಧವನ್ನು ಈ ಹಲಗೆಯ ಜೊತೆಗಿಟ್ಟು ಓದಿ ಇದನ್ನೇ ತೋರಿಸಿಕೊಟ್ಟರು. ಸಾಂದ್ರತೆ, ತ್ರಿಜ್ಯ, ಕಾಲ ಮೂರರ ಅಂದಾಜೂ ಪ್ರಬಂಧದಲ್ಲಿ ಹಲಗೆಯಲ್ಲಿದ್ದಂತೆಯೇ ಇದೆ. ಹಬಲ್ ಅಳತೆಯಿಂದ ಸರಿಯಾಗಿ ಲೆಕ್ಕ ಹಾಕಿದ್ದರೆ ತ್ರಿಜ್ಯ ಸುಮಾರು 200 ಕೋಟಿ ಜ್ಯೋತಿರ್ವರ್ಷ ಬರಬೇಕಿತ್ತು, ಹಲಗೆಯಲ್ಲಿರುವುದು 10 ಕೋಟಿ.

'ತಿದ್ದುವ' ಉತ್ಸಾಹಿಯೊಬ್ಬ ಚಿತ್ರ ನೋಡಿ 53ನ್ನು 55 ಮಾಡಿ ಬರೆದಿದ್ದರೆ ಏನಾಗುತ್ತಿತ್ತು? ಅವನ ನೋಟ್ಸ್‌ನಲ್ಲಿ ಮೊದಲ ಸಾಲು ಸರಿ, ಕೆಳಗಿನ ಸಾಲುಗಳು ಅದಕ್ಕೆ ಹೊಂದದವು. ಮುಂದೆ ಓದುವವರು ಐನ್‌ಸ್ಟೈನ್ ಭಾಗಾಕಾರದಲ್ಲಿ ಎಡವಿದರು ಎಂದುಕೊಳ್ಳುತ್ತಿದ್ದರು. ಎಡವಿದ ನಿಜವಾದ ಜಾಗ ಕಾಣೆಯಾಗುತ್ತಿತ್ತು. ತರಗತಿಯಲ್ಲೂ ಇದು ಹೀಗೆಯೇ. ಮೇಷ್ಟ್ರು ಮೂರನೇ ಸಾಲಿನಲ್ಲಿ ಚಿಹ್ನೆ ತಪ್ಪಿಸಿ, ಐದನೇ ಸಾಲಿನಲ್ಲಿ ಗಮನಿಸಿ ಬಾಯಿಮಾತಿನಲ್ಲಿ ತಿದ್ದಿರಬಹುದು. ಹಲಗೆಯಲ್ಲಿ ಮೂರನೇ ಸಾಲು ಹಾಗೆಯೇ ಉಳಿದಿರುತ್ತದೆ. ಚಿತ್ರಕ್ಕೆ ಮಾತು ಕೇಳಿಸುವುದಿಲ್ಲ.

ಮೂರು ಪದರದ ಟಿಪ್ಪಣಿ

ಈ ಸಮಸ್ಯೆಗೆ ಉತ್ತರವನ್ನು ಬೇರೆ ವಿದ್ಯೆಯವರು ಹಿಂದೆಯೇ ಕಂಡುಕೊಂಡಿದ್ದಾರೆ. ಶಾಸನ ಓದುವವರಿಗೆ ಸವೆದ ಕಲ್ಲು, ಒಡೆದ ಮೂಲೆ, ಮೇಲೆ ಕೆತ್ತಿದ ಅಕ್ಷರ ನಿತ್ಯದ ಕಷ್ಟ. ಆಕ್ಸ್‌ಫರ್ಡ್ ಉಪನ್ಯಾಸ ನಡೆದ 1931ರಲ್ಲೇ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಸೇರಿದ ವಿದ್ವಾಂಸರು ಗ್ರೀಕ್, ಲ್ಯಾಟಿನ್ ಶಾಸನಪಾಠಗಳ ಅಚ್ಚಿಗೆ ಒಂದು ಸಂಕೇತ ಪದ್ಧತಿ ಒಪ್ಪಿಕೊಂಡರು. ಅಳಿದುಹೋಗಿ ಸಂಪಾದಕರು ತುಂಬಿದ್ದು ಚೌಕ ಕಂಸದಲ್ಲಿ, ಅನುಮಾನವಿರುವ ಅಕ್ಷರದ ಕೆಳಗೆ ಚುಕ್ಕೆ, ಬರೆದವರೇ ಅಳಿಸಿದ್ದು ಜೋಡಿ ಚೌಕ ಕಂಸದಲ್ಲಿ. ನಮ್ಮ ಶಾಸನ ಸಂಪುಟಗಳಲ್ಲೂ ಅಳಿದ ಅಕ್ಷರಗಳನ್ನು ಕಂಸದಲ್ಲಿ ಕೊಡುವ ರೂಢಿ ಪರಿಚಿತ.

ನೋಟ್‌ಬುಕ್ಕಿಗೆ ಇಷ್ಟೆಲ್ಲ ಬೇಡ, ಮೂರು ಗುರುತು ಸಾಕು. ಚಿತ್ರದಲ್ಲಿ ಕಂಡದ್ದನ್ನು ಮಾಮೂಲಿ ಶಾಯಿಯಲ್ಲಿ ಬರೆಯಿರಿ. ಅಳಿದಿದ್ದು ಲೆಕ್ಕದಿಂದ ತುಂಬಿದ್ದನ್ನು ಚೌಕ ಕಂಸದಲ್ಲಿಡಿ. ಹಲಗೆಯ ಬರಹವೇ ತಪ್ಪು ಎನಿಸಿದರೆ ಅದನ್ನು ಇದ್ದಂತೆಯೇ ಬರೆದು, ತಿದ್ದುಪಡಿಯನ್ನೂ ಕಾರಣವನ್ನೂ ಅಂಚಿನಲ್ಲಿ ಬರೆಯಿರಿ. ನಮ್ಮ ಡೈಪೋಲ್ ಪಾಠ ಆಗ ಹೀಗಾಗುತ್ತದೆ.

```
E = (q/4πε₀) [ 1/(r−a)² [−] 1/(r+a)² ]
E = (q/4πε₀) · 4[r]a / (r²−a²)^[2]
p = q·2a
E = (1/4πε₀) · 2p[r] / (r²−a²)^[2]
r ≫ a :   E = (1/4πε₀) · 2p / r^[3]
```

ಇದರಲ್ಲಿ ಒಂದು ಅನುಕೂಲವಿದೆ. ಕಂಸಗಳು ಒಂದೇ ಸಾಲಿನಲ್ಲಿ ಗುಂಪುಗೂಡಿದ್ದರೆ ಆ ಸಾಲಿನ ಬುಡ ಗಟ್ಟಿಯಿಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ. ಒಂದು ಸಾಲನ್ನು ತುಂಬಲು ಅದರ ಹಿಂದಿನ ಸಾಲು, ಮುಂದಿನ ಸಾಲು ಎರಡೂ ಇದ್ದರೆ ಹೆಚ್ಚು ನಂಬಬಹುದು. ಎರಡೂ ಊಹೆಯಾದರೆ ನಡುವಿನದು ಊಹೆಯ ಮೇಲಿನ ಊಹೆ. ಅಂಥಲ್ಲಿ ಜಾಗ ಖಾಲಿ ಬಿಟ್ಟು 'ಚಿತ್ರದಲ್ಲಿ ಓದಲಾಗಲಿಲ್ಲ' ಎಂದು ಬರೆಯುವುದೇ ಸರಿಯಾದ ಟಿಪ್ಪಣಿ. ವಿಶೇಷವಾಗಿ ಪ್ರಯೋಗದ ಅಳತೆಗಳಿಗೆ, ಸಮಸ್ಯೆಯಲ್ಲಿ ಕೊಟ್ಟ ಸಂಖ್ಯೆಗಳಿಗೆ, ಅಂಕಪಟ್ಟಿಯ ಮಾದರಿಯ ಕೋಷ್ಟಕಗಳಿಗೆ ಇದು ಅನ್ವಯಿಸುತ್ತದೆ. ಸಮೀಕರಣದ ಸಾಲಿಗೆ ಪಕ್ಕದ ಸಾಲು ಸಾಕ್ಷಿ ಹೇಳುತ್ತದೆ. ಪ್ರಯೋಗದ ಓದಿಗೆ ಅಂಥ ಸಾಕ್ಷಿ ಇಲ್ಲ, ಸರಾಸರಿಗೆ ಹೊಂದುವ ಸಂಖ್ಯೆಯೊಂದನ್ನು ಅಲ್ಲಿ ತುಂಬುವುದು ಅಳತೆಯನ್ನು ಕಟ್ಟಿ ಹೇಳಿದಂತೆ.

ಹಳೆಯ ಪೀರಿಯಡ್‌ನ ನೆರಳನ್ನು ಬೇರ್ಪಡಿಸಲು ಕೊನೆಯದಾಗಿ ಎರಡು ಸುಳಿವು. ಹೊಸ ಗೆರೆ ಹಳೆಯದನ್ನು ದಾಟುವ ಕಡೆ ಹೊಸದು ತುಂಡಾಗದೆ ಸಾಗುತ್ತದೆ, ಹಳೆಯದು ಅದರಡಿ ಮರೆಯಾಗುತ್ತದೆ. ಒಬ್ಬರ ಬರಹದ ಸಾಲುಗಳು ಒಂದೇ ಓರೆಯಲ್ಲಿ ಏರುತ್ತವೆ ಅಥವಾ ಇಳಿಯುತ್ತವೆ, ನೆರಳಿನ ಅಕ್ಷರ ಆ ಓರೆಗೆ ಕೂರದಿದ್ದರೆ ಅದು ಬೇರೊಬ್ಬರದು. ಇಷ್ಟಾದ ಮೇಲೂ ಸಂದೇಹ ಉಳಿದರೆ ಕೇಳಬೇಕಾದವರು ಪಾಠ ಮಾಡಿದವರೇ. ಚೌಕ ಕಂಸವಿರುವ ನೋಟ್ಸ್ ಹಿಡಿದು ಹೋದರೆ ಪ್ರಶ್ನೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ನೋಟ್ಸ್ ಎಷ್ಟೇ ಅಂದವಾಗಿ ಮೂಡಿಬಂದರೂ ಮೂಲ ಚಿತ್ರವನ್ನು ಅಳಿಸಬೇಡಿ, ಗುಂಪಿಗೆ ಕಳುಹಿಸುವಾಗ ಎರಡನ್ನೂ ಒಟ್ಟಿಗೆ ಕಳುಹಿಸಿ. ನಿಮ್ಮ ಓದು ತಪ್ಪಿದ್ದರೆ ಅದನ್ನು ಹಿಡಿಯಲು ಇನ್ನೊಬ್ಬರಿಗೆ ಇರುವ ದಾರಿ ಅದೊಂದೇ.